ನಮ್ಮೂರಿನ ಸಾಧು ನೇತಾಜಿಯೇ ಆಗಿದ್ದರೇ? ಫಲಕ ಬರೆಸುವ ಮುನ್ನ ಪರೀಕ್ಷಿಸುವುದು ಹೇಗೆ?

ತೊಗರಿನಾಡು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಶರಣು. ನಮ್ಮದು ಆಳಂದ ತಾಲ್ಲೂಕಿನ ಒಂದು ಸಣ್ಣ ಊರು. ಊರ ಹೊರಗಿನ ಹನುಮಂತ ದೇವರ ಗುಡಿಯ ಪಕ್ಕದ ಕೋಣೆಯಲ್ಲಿ ಹಿಂದೆ ಒಬ್ಬ ಸಾಧು ಇದ್ದರು. ಊರವರು ಅವರನ್ನು ಬಂಗಾಲಿ ಮುತ್ಯಾ ಎಂದು ಕರೆಯುತ್ತಿದ್ದರು. ನಾನು ಅವರನ್ನು ನೋಡಿಲ್ಲ. ನಮ್ಮ ಕಾಕಾ ನೋಡಿದ್ದಾರೆ. ಅವರು ಸುಭಾಷ್‌ಚಂದ್ರ ಬೋಸ್ ಅವರೇ ಎಂದು ಕಾಕಾ ಎದೆ ತಟ್ಟಿ ಹೇಳುತ್ತಾರೆ.

ಕಾಕಾ ಕೊಡುವ ಕಾರಣಗಳು ಇವು: ದುಂಡು ಕನ್ನಡಕ, ಒಳ್ಳೆಯ ಇಂಗ್ಲಿಷ್, ಫೋಟೊ ತೆಗೆಯಲು ಬಿಡುತ್ತಿರಲಿಲ್ಲ, ಪೊಲೀಸರು ಬಂದರೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ, ಜನವರಿ 23ರಂದು ಮಕ್ಕಳಿಗೆ ಸಿಹಿ ಹಂಚುತ್ತಿದ್ದರು. ಒಂದು ದಿನ ಯಾರಿಗೂ ಹೇಳದೆ ಹೊರಟುಹೋದರು. ಆಮೇಲೆ ನಮ್ಮ ಅಜ್ಜನ ಹೆಸರಿಗೆ ಹಿಂದಿಯಲ್ಲಿ ಬರೆದ ಒಂದು ಇನ್‌ಲ್ಯಾಂಡ್ ಪತ್ರ ಬಂದಿತು. ಸಹಿ ಇಲ್ಲ. ಅದು ನಮ್ಮ ಮನೆಯ ಟ್ರಂಕಿನಲ್ಲಿದೆ. ಕಾಕಾ ಹೇಳುವಂತೆ ಅದು 1962ರದ್ದು.

ಈ ವರ್ಷದ ಜಾತ್ರೆಗೆ ಆ ಕೋಣೆಯ ಮೇಲೆ 'ನೇತಾಜಿ ವಾಸಿಸಿದ ಪವಿತ್ರ ಸ್ಥಳ' ಎಂಬ ಫಲಕ ಹಾಕಬೇಕೆಂದು ಊರಿನ ಹಿರಿಯರು ನಿರ್ಧರಿಸಿದ್ದಾರೆ. ಫಲಕದ ಬರಹ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಲ್ಲಿನ ಮೇಲೆ ಕೆತ್ತುವ ಮೊದಲು ಸತ್ಯ ತಿಳಿಯಬೇಕು ಎಂಬುದು ನನ್ನ ಆಸೆ. ಇತ್ತ ಮೊಬೈಲಿಗೆ ಬಂದ ಒಂದು ವಿಡಿಯೊದಲ್ಲಿ ಉತ್ತರ ಪ್ರದೇಶದ ಫೈಜಾಬಾದಿನಲ್ಲಿದ್ದ ಗುಮ್ನಾಮಿ ಬಾಬಾ ಎಂಬ ಸಾಧುವೇ ನೇತಾಜಿ, ಕೈಬರಹದಿಂದ ಅದು ಸಾಬೀತಾಗಿದೆ ಎಂದು ಹೇಳುತ್ತಿದ್ದಾರೆ. ಅದು ನಿಜವಾದರೆ ನಮ್ಮ ಮುತ್ಯಾ ಯಾರು? ತಿಳಿದವರು ದಾರಿ ತೋರಿಸಬೇಕು.

ಹುಮನಾಬಾದ್_ಹುಡುಗ

ಫಲಕ ಹಾಕಿರಿ ಅಣ್ಣಾ. ದೇಶಭಕ್ತರ ಹೆಸರು ಬರೆದರೆ ಯಾರಿಗೂ ನಷ್ಟವಿಲ್ಲ.

ಕಾಗಿಣಾತೀರ

ನಿಮ್ಮ ಕಾಕಾ ಹೇಳುವುದನ್ನು ತಳ್ಳಿಹಾಕಬೇಡಿ. 1945ರ ಆಗಸ್ಟ್ 18ರಂದು ತೈವಾನಿನ ತೈಹೋಕುವಿನಲ್ಲಿ ನೇತಾಜಿ ಸತ್ತರು ಎನ್ನುವ ವಿಮಾನ ಅಪಘಾತವೇ ಆಗಲಿಲ್ಲ ಎಂದು ತೈವಾನ್ ಸರ್ಕಾರವೇ ಹೇಳಿದೆ. ನೇತಾಜಿ ಸಾವಿನ ತನಿಖೆ ಮಾಡಿದ ನ್ಯಾಯಮೂರ್ತಿ ಮುಖರ್ಜಿ ಆಯೋಗ ಅದನ್ನು ಒಪ್ಪಿ, ನೇತಾಜಿ ಆ ದಿನ ಸಾಯಲಿಲ್ಲ ಎಂದು ಬರೆದಿದೆ. ಹಾಗಾದರೆ ಅವರು ಎಲ್ಲೋ ಬದುಕಿರಲೇಬೇಕು. ಎಲ್ಲಿ? ಸಾಧುವಿನ ವೇಷದಲ್ಲಿ. ವೇಷ ಬದಲಿಸುವುದು ಅವರಿಗೆ ಹೊಸದೇನೂ ಅಲ್ಲ. 1941ರಲ್ಲಿ ಜಿಯಾವುದ್ದೀನ್ ಎಂಬ ವಿಮಾ ಏಜೆಂಟನ ಹೆಸರಿನಲ್ಲಿ ಬ್ರಿಟಿಷರ ಕಣ್ಣು ತಪ್ಪಿಸಿ ಹೋದವರು ಅವರು. ಇಟಲಿಯ ಪಾಸ್‌ಪೋರ್ಟಿನಲ್ಲಿ ಒರ್ಲಾಂಡೊ ಮಜೊಟ್ಟಾ ಆದವರು. 1942ರ ಮಾರ್ಚಿನಲ್ಲಿ ಅವರು ವಿಮಾನ ಅಪಘಾತದಲ್ಲಿ ಸತ್ತರು ಎಂದು ಸುದ್ದಿ ಬಂದು, ಗಾಂಧೀಜಿ ಅವರ ತಾಯಿಗೆ ಸಂತಾಪದ ತಂತಿ ಕಳುಹಿಸಿದ್ದರು. ಆ ಸುದ್ದಿ ಸುಳ್ಳಾಯಿತು. ಒಮ್ಮೆ ಸುಳ್ಳಾದ ಸುದ್ದಿಯನ್ನು ಎರಡನೆಯ ಸಲ ಏಕೆ ನಂಬಬೇಕು?

ಹಳೆಯ_ಕಡತ

ಕಾಗಿಣಾತೀರ ಅವರು ಹೇಳಿದ ಘಟನೆಗಳು ನಿಜ. ಆದರೆ ಅವುಗಳ ನಡುವೆ 'ಹಾಗಾದರೆ' ಎಂದು ಹಾಕಿದ ಕೊಂಡಿ ನಿಲ್ಲುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಾಗಿನಿಂದಲೂ ಈ ಕೊಂಡಿಯೊಂದಿಗೆ ನಾನು ಜಗಳವಾಡುತ್ತ ಬಂದಿದ್ದೇನೆ.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಮೊದಲನೆಯದು, ಬೋಸ್ ತೈಹೋಕುವಿನಲ್ಲಿ ಸತ್ತರೇ? ಎರಡನೆಯದು, ಈ ಒಬ್ಬ ಮನುಷ್ಯ ಬೋಸ್ ಆಗಿದ್ದನೇ? ಮೊದಲನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೂ ಎರಡನೆಯದಕ್ಕೆ 'ಹೌದು' ಎಂದಾಗುವುದಿಲ್ಲ. ಮುಖರ್ಜಿ ಆಯೋಗವೇ ಇದಕ್ಕೆ ಸಾಕ್ಷಿ. 1999ರಲ್ಲಿ ನೇಮಕವಾಗಿ 2005ರಲ್ಲಿ ವರದಿ ಕೊಟ್ಟ ಆ ಆಯೋಗ, ಬೋಸ್ ಅಪಘಾತದಲ್ಲಿ ಸಾಯಲಿಲ್ಲ ಎಂದಿತು, ನಿಜ. ಅದೇ ವರದಿ ಗುಮ್ನಾಮಿ ಬಾಬಾ ಅವರೇ ಬೋಸ್ ಎನ್ನಲು ನಿರ್ಣಾಯಕ ಸಾಕ್ಷ್ಯವಿಲ್ಲ ಎಂದೂ ಹೇಳಿತು. ವಿಡಿಯೊ ಮಾಡುವವರು ಮೊದಲ ಅರ್ಧವನ್ನು ಓದಿ ಎರಡನೆಯದನ್ನು ಬಿಡುತ್ತಾರೆ. 2006ರಲ್ಲಿ ವರದಿಯನ್ನು ಸಂಸತ್ತಿನಲ್ಲಿ ಮಂಡಿಸಿದಾಗ ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಅದಕ್ಕೂ ಮೊದಲು 1956ರ ಶಾ ನವಾಜ್ ಸಮಿತಿಯ ಬಹುಮತ ಮತ್ತು 1974ರಲ್ಲಿ ಮುಗಿದ ಖೋಸ್ಲಾ ಆಯೋಗ ಅಪಘಾತವನ್ನೇ ಎತ್ತಿಹಿಡಿದಿದ್ದವು. ಶಾ ನವಾಜ್ ಸಮಿತಿಯಲ್ಲಿದ್ದ ಬೋಸರ ಅಣ್ಣ ಸುರೇಶ್‌ಚಂದ್ರ ಬೋಸ್ ಮಾತ್ರ ಭಿನ್ನಮತ ಬರೆದರು.

ತೈವಾನಿನ ಉತ್ತರದ ಬಗ್ಗೆ ಒಂದು ಮಾತು. ಅಪಘಾತದ ದಾಖಲೆ ತಮ್ಮಲ್ಲಿ ಇಲ್ಲ ಎಂದು ಅವರು ಹೇಳಿದ್ದು. 1945ರ ಆಗಸ್ಟಿನಲ್ಲಿ ಆ ದ್ವೀಪ ಜಪಾನಿನ ಆಡಳಿತದಲ್ಲಿತ್ತು. ಚೀನಾದ ಕೈಗೆ ಅದು ಬಂದದ್ದು ಅಕ್ಟೋಬರ್ 25ರಂದು. ಸೋತ ಸೈನ್ಯವೊಂದರ ವಿಮಾನದ ಕಡತ ನಂತರ ಬಂದ ಸರ್ಕಾರದ ಕಪಾಟಿನಲ್ಲಿ ಇಲ್ಲದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಅದೇ ವಿಮಾನದಲ್ಲಿ ಜನರಲ್ ಶಿದೇಯಿ ಇದ್ದರು. ಅವರೂ ಅಲ್ಲೇ ಸತ್ತರು ಎಂದು ಬದುಕುಳಿದ ಜಪಾನೀ ಅಧಿಕಾರಿಗಳು ಹೇಳಿದರು. ಬೋಸರ ಜೊತೆಗಿದ್ದ ಹಬೀಬುರ್ ರಹಮಾನ್ ಸುಟ್ಟ ಕೈಗಳೊಂದಿಗೆ ಹಿಂತಿರುಗಿದರು. ಚಿಕಿತ್ಸೆ ಕೊಟ್ಟ ಡಾಕ್ಟರ್ ಯೋಶಿಮಿ ವರ್ಷಗಳ ನಂತರವೂ ತಮ್ಮ ಹೇಳಿಕೆಗೆ ಅಂಟಿಕೊಂಡರು.

ಕಾಗಿಣಾತೀರ

ಸರ್, ನೀವು ಒಂದನ್ನು ಬಿಟ್ಟಿರಿ. ಶವಸಂಸ್ಕಾರದ ದಾಖಲೆಯಲ್ಲಿ ಬೋಸರ ಹೆಸರಿಲ್ಲ. ಇಚಿರೊ ಒಕುರಾ ಎಂಬ ಜಪಾನೀ ಸೈನಿಕನ ಹೆಸರಿದೆ, ಹೃದಯಾಘಾತದಿಂದ ಸಾವು ಎಂದು ಬರೆದಿದೆ. ಮುಖರ್ಜಿಯವರು ಇದನ್ನೇ ಹಿಡಿದು ಜಪಾನಿನ ರೆಂಕೋಜಿ ದೇವಾಲಯದಲ್ಲಿರುವ ಚಿತಾಭಸ್ಮ ಬೋಸರದಲ್ಲ ಎಂದರು. ಇದಕ್ಕೆ ನಿಮ್ಮ ಉತ್ತರವೇನು?

ಹಳೆಯ_ಕಡತ

ಅದು ಗಟ್ಟಿಯಾದ ಆಕ್ಷೇಪವೇ. ಗುಟ್ಟು ಕಾಯಲು ಬೇರೆ ಹೆಸರಿನಲ್ಲಿ ದಹನ ಮಾಡಿದರು ಎಂದು ಒಂದು ಕಡೆಯವರು ಹೇಳುತ್ತಾರೆ. ಅದು ಬೇರೊಬ್ಬನದೇ ಶವ ಎಂದು ಇನ್ನೊಂದು ಕಡೆಯವರು. ಆ ಕಾಗದವೊಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ತೀರ್ಮಾನವಾಗದೆ ಇರುವುದನ್ನು ತೀರ್ಮಾನವಾಗಿಲ್ಲ ಎಂದೇ ಹೇಳಬೇಕು. ಅದನ್ನು ಆಳಂದದ ಗುಡಿಯ ಕೋಣೆಗೆ ಪುರಾವೆಯಾಗಿ ತರಬಾರದು ಎಂಬುದಷ್ಟೇ ನನ್ನ ಹಟ.

ಸಗರನಾಡು

ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕರ ಸಾವಿನ ಬಗ್ಗೆಯೂ ಹೀಗೆಯೇ ಚರ್ಚೆಯಾಗಬೇಕು. 1858ರಲ್ಲಿ ತಮ್ಮ ಗುಂಡಿನಿಂದ ತಾವೇ ಸತ್ತರು ಎಂದು ಬ್ರಿಟಿಷರು ಬರೆದುಕೊಂಡರು. ನಮ್ಮ ಭಾಗದ ಜನ ಇಂದಿಗೂ ಅದನ್ನು ನಂಬುವುದಿಲ್ಲ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬರೆದದ್ದೇ ವೇದವಾಕ್ಯವೇ?

ತೊಗರಿನಾಡು

ಅಣ್ಣಾ, ಅದು ಸಾವು ಹೇಗಾಯಿತು ಎಂಬ ಪ್ರಶ್ನೆ. ನನ್ನದು ಬದುಕಿದ್ದರೇ ಎಂಬ ಪ್ರಶ್ನೆ. ಸುರಪುರದ್ದಕ್ಕೆ ಬೇರೆ ಚರ್ಚೆ ಆರಂಭಿಸಿರಿ, ನಾನೂ ಬರುತ್ತೇನೆ.

ಸಗರನಾಡು

ಬದುಕಿದ್ದರೇ ಎಂಬುದೇ ಬೇಕಿದ್ದರೆ ನಾನಾ ಸಾಹೇಬರನ್ನು ನೋಡಿರಿ. 1857ರ ನಂತರ ಅವರು ನೇಪಾಳದ ಕಾಡಿನಲ್ಲಿ ಕಣ್ಮರೆಯಾದರು. ಆಮೇಲೆ ಬ್ರಿಟಿಷರು ವರ್ಷಗಟ್ಟಲೆ ಕಂಡ ಕಂಡ ಸಾಧುಗಳನ್ನು ಹಿಡಿದರು. 1874ರಲ್ಲಿ ಗ್ವಾಲಿಯರ್‌ನ ಸಿಂಧಿಯಾ ಒಬ್ಬನನ್ನು ಹಿಡಿದು ಒಪ್ಪಿಸಿದರು. ಪರಿಚಿತರಿಂದ ಗುರುತು ಮಾಡಿಸಿ ನೋಡಿದರೆ ಅವನು ನಾನಾ ಸಾಹೇಬ ಅಲ್ಲ.

ಭೀಮಾತೀರದವಳು

ಗುರುತು ಹಿಡಿಸುವ ವಿಷಯ ಬಂದಿತಲ್ಲ, ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ದೊಡ್ಡಪ್ಪ ಚಿಕ್ಕ ವಯಸ್ಸಿನಲ್ಲಿ ಪಂಢರಪುರದ ದಿಂಡಿಯ ಹಿಂದೆ ಹೋದವರು ತಿರುಗಿ ಬರಲಿಲ್ಲ. ಬಹಳ ವರ್ಷಗಳ ಮೇಲೆ ಜೋಳಿಗೆ ಹಾಕಿಕೊಂಡ ಒಬ್ಬ ಬಾಬಾ ಅಫಜಲಪುರದ ನಮ್ಮ ಮನೆ ಬಾಗಿಲಿಗೆ ಬಂದು, ಅಜ್ಜಿಯನ್ನು ಅವ್ವಾ ಎಂದು ಕರೆದ. ಅಜ್ಜಿ ಅಪ್ಪಿಕೊಂಡು ಅತ್ತಳು. ಊರಿನ ಅರ್ಧ ಜನ ಅದೇ ಮುಖ ಎಂದರು.

ನಮ್ಮ ಅತ್ತೆ ಮಾತ್ರ ನಂಬಲಿಲ್ಲ. ಅವನಿಗೆ ಹೊಲದ ಹೆಸರು ಗೊತ್ತಿತ್ತು, ಎತ್ತುಗಳ ಹೆಸರು ಗೊತ್ತಿತ್ತು, ಅಜ್ಜನ ಸಿಟ್ಟೂ ಗೊತ್ತಿತ್ತು. ಇವೆಲ್ಲ ಊರಿನ ಕಟ್ಟೆಯ ಮೇಲೆ ಕುಳಿತರೆ ಸಿಗುವ ಮಾತುಗಳು ಎಂದು ಅತ್ತೆ ಹೇಳಿದಳು. ಅಣ್ಣ ತಂಗಿ ಇಬ್ಬರೇ ಕೂಡಿ ಮಾಡಿದ ಒಂದು ಕಳ್ಳತನದ ಬಗ್ಗೆ ಕೇಳಿದಳು. ಅವನು ಮಾತು ತಿರುಗಿಸಿದ. ಆದರೂ ಅಜ್ಜಿ ಸಾಯುವವರೆಗೆ ಅವನನ್ನು ಮಗ ಎಂದೇ ನಂಬಿದಳು. ಹೊಲದ ಪಾಲಿನ ಜಗಳ ಇನ್ನೂ ಮುಗಿದಿಲ್ಲ. ಅವನು ಯಾರು ಎಂದು ನನಗೂ ಗೊತ್ತಿಲ್ಲ.

ಹಳೆಯ_ಕಡತ

ತಂಗಿ, ನಿಮ್ಮ ಅತ್ತೆ ಕೇಳಿದ ಪ್ರಶ್ನೆ ಆಯೋಗಗಳ ಮುಂದೆ ಬಂದ ಎಷ್ಟೋ ವಕೀಲರು ಕೇಳಲಿಲ್ಲ. ಗುಮ್ನಾಮಿ ಬಾಬಾ ಅವರಿಗೆ ಯುದ್ಧದ ವಿಷಯ, ಜಗತ್ತಿನ ರಾಜಕಾರಣ, ಬೋಸ್ ಮನೆತನದ ಸಂಗತಿ ಎಲ್ಲ ತಿಳಿದಿತ್ತು ಎಂದು ಸಾಕ್ಷಿಗಳು ಹೇಳಿದರು. ತಿಳಿದಿರಬಹುದು. ಅವರ ಕೋಣೆಯಲ್ಲಿ ರಾಶಿ ಪುಸ್ತಕ, ಪತ್ರಿಕೆಗಳಿದ್ದವು. ಬೋಸರ ಹಳೆಯ ಸಂಗಾತಿಗಳು ಬಂದು ಹೋಗುತ್ತಿದ್ದರು. ಅವರ ಬಾಯಿಂದ ಕೇಳಿ ತಿಳಿಯಲಾಗದ ಯಾವ ಸಂಗತಿಯನ್ನು ಬಾಬಾ ಹೇಳಿದರು? ಆ ಪ್ರಶ್ನೆಗೆ ಸಮಾಧಾನ ಕೊಡುವ ಉತ್ತರವನ್ನು ನಾನು ಓದಿಲ್ಲ.

ಮುಖ ನೋಡಿ ಗುರುತಿಸುವುದರ ಬಗ್ಗೆ ಇನ್ನೊಂದು ಪ್ರಕರಣ ಹೇಳಬೇಕು, ಏಕೆಂದರೆ ಇದು ನನ್ನನ್ನು ಬಹಳ ಕಾಡಿದೆ. 1941ರಲ್ಲಿ ಬೋಸ್ ಕಾಬೂಲಿಗೆ ಹೋದಾಗ ಅಲ್ಲಿ ಅವರಿಗೆ ಮನೆಯಲ್ಲಿ ಆಶ್ರಯ ಕೊಟ್ಟವರು ಉತ್ತಮ್‌ಚಂದ್ ಮಲ್ಹೋತ್ರಾ ಎಂಬ ವ್ಯಾಪಾರಿ. ಎದುರು ಬದುರು ಕುಳಿತು ಊಟ ಮಾಡಿದವರು, ಮಾತಾಡಿದವರು. 1960ರ ದಶಕದಲ್ಲಿ ಉತ್ತರ ಬಂಗಾಳದ ಶೌಲ್ಮಾರಿ ಆಶ್ರಮದ ಸಾಧು ನೇತಾಜಿ ಎಂಬ ಗುಲ್ಲು ಎದ್ದಿತು. ಇದೇ ಉತ್ತಮ್‌ಚಂದ್ ಆ ಸಾಧುವನ್ನು ಕಂಡು ಬಂದು, ಅವರೇ ನೇತಾಜಿ ಎಂದು ದೇಶಕ್ಕೆಲ್ಲ ಸಾರಿದರು. ಆ ಸಾಧು ತಾನು ನೇತಾಜಿ ಅಲ್ಲ ಎಂದು ಹೇಳುತ್ತಲೇ ಇದ್ದರು. ಅಲ್ಲ ಎಂದು ಹೇಳಿದ್ದೇ ಹೌದೆಂಬುದಕ್ಕೆ ಗುರುತು ಎಂದು ಭಕ್ತರು ವಾದಿಸಿದರು. ಆಯೋಗಗಳು ಆ ಮಾತನ್ನು ಒಪ್ಪಲಿಲ್ಲ.

ಈಗ ಯೋಚಿಸಿರಿ. ಬೋಸರೊಡನೆ ಒಂದೇ ಸೂರಿನಡಿ ಇದ್ದ ಮನುಷ್ಯನೇ ಇಪ್ಪತ್ತು ವರ್ಷಗಳ ನಂತರ ಹೀಗೆ ತಪ್ಪಿದರೆ, ಬೋಸರನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ ನಿಮ್ಮ ಕಾಕಾ ದುಂಡು ಕನ್ನಡಕ ನೋಡಿ ಗುರುತಿಸಿದ್ದನ್ನು ಎಷ್ಟು ನಂಬಬೇಕು? ಕಾಕಾ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಪ್ರೀತಿ ಇದ್ದಲ್ಲಿ ಕಣ್ಣು ಬೇಗ ಒಪ್ಪುತ್ತದೆ.

ಕಾಗಿಣಾತೀರ

ಆದರೆ 1941ರ ಹುಸಿ ಹೆಸರು ನಿಜವಾಗಿತ್ತಲ್ಲ ಸರ್? ಆಗಲೂ ಜನ ನಂಬಿರಲಿಲ್ಲ.

ಹಳೆಯ_ಕಡತ

ಅದು ನಿಜ ಎಂದು ನಮಗೆ ಹೇಗೆ ಗೊತ್ತು? ಅದನ್ನೇ ಅಳತೆಗೋಲು ಮಾಡಿಕೊಳ್ಳಿರಿ. ಕೋಲ್ಕತ್ತಾದಿಂದ ಗೊಮೊ ರೈಲು ನಿಲ್ದಾಣದವರೆಗೆ ಕಾರು ಓಡಿಸಿದವರು ಅಣ್ಣನ ಮಗ ಶಿಶಿರ್ ಬೋಸ್. ಪೇಶಾವರದಿಂದ ಕಾಬೂಲಿಗೆ ಕರೆದೊಯ್ದವರು ಭಗತ್‌ರಾಮ್ ತಲ್ವಾರ್. ಕಾಬೂಲಿನಲ್ಲಿ ಉತ್ತಮ್‌ಚಂದ್. ಅಲ್ಲಿಂದ ಮುಂದೆ ಇಟಲಿಯ ರಾಯಭಾರ ಕಚೇರಿ ಮಾಡಿಸಿಕೊಟ್ಟ ಪಾಸ್‌ಪೋರ್ಟು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಪ್ರತಿ ಹಂತದಲ್ಲೂ ಬೇರೆ ಬೇರೆ ಸಾಕ್ಷಿಗಳಿದ್ದಾರೆ. ಅವರ ಮಾತುಗಳು ಒಂದಕ್ಕೊಂದು ಹೊಂದುತ್ತವೆ. 1942ರ ಸುಳ್ಳು ಸಾವಿನ ಸುದ್ದಿ ಕೊನೆಗೊಂಡದ್ದು ಹೇಗೆ? ಬೋಸ್ ಸ್ವತಃ ರೇಡಿಯೊದಲ್ಲಿ ಮಾತಾಡಿದರು. ಕಿವಿಯಾರೆ ಕೇಳಿದ ಮೇಲೆ ಯಾರೂ ಆಯೋಗ ಕೇಳಲಿಲ್ಲ.

ತೈಹೋಕುವಿನಿಂದ ಫೈಜಾಬಾದಿನವರೆಗೆ, ಅಥವಾ ಆಳಂದದವರೆಗೆ, ಅಂತಹ ಒಂದು ಸರಪಳಿಯನ್ನು ತೋರಿಸಿರಿ. ನಾನೇ ಬಂದು ಫಲಕಕ್ಕೆ ಹೂವು ಹಾಕುತ್ತೇನೆ.

ನಿವೃತ್ತ_ಅಂಚೆಯಣ್ಣ

ನಾನು ನೇತಾಜಿ ವಿಷಯ ಓದಿದವನಲ್ಲ. ಅಂಚೆ ಇಲಾಖೆಯಲ್ಲಿ ಬದುಕು ಕಳೆದವನು. ತೊಗರಿನಾಡು, ಆ ಇನ್‌ಲ್ಯಾಂಡ್ ಪತ್ರವನ್ನು ಟ್ರಂಕಿನಿಂದ ಹೊರಗೆ ತೆಗೆಯಿರಿ. ಒಳಗಿನ ಒಕ್ಕಣೆ ಓದುವ ಮೊದಲು ಹೊರಮೈ ನೋಡಿರಿ.

ಅಂಚೆ ಮುದ್ರೆಯ ದುಂಡಿನೊಳಗೆ ಊರು, ದಿನ, ತಿಂಗಳು, ವರ್ಷ ಇರುತ್ತದೆ. ಹಾಕಿದ ಊರಿನ ಮುದ್ರೆಯ ಜೊತೆಗೆ ತಲುಪಿದ ಊರಿನ ಮುದ್ರೆಯೂ ಇರಬಹುದು. ಮಸುಕಾಗಿದ್ದರೆ ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿರಿ, ನೀರು ಅಥವಾ ಎಣ್ಣೆ ಹಚ್ಚಬೇಡಿರಿ. ಆಮೇಲೆ ಅಚ್ಚಾದ ಬೆಲೆ ನೋಡಿರಿ. ನಮ್ಮಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. 1964ರವರೆಗೆ ಅದನ್ನು ನಯಾ ಪೈಸೆ ಎನ್ನುತ್ತಿದ್ದರು, ಆಮೇಲೆ ಬರೀ ಪೈಸೆ. 1962ರ ಪತ್ರವಾದರೆ ಬೆಲೆ ನಯಾ ಪೈಸೆಯಲ್ಲಿರಬೇಕು.

ಮುಖ್ಯವಾದದ್ದು ಪಿನ್‌ಕೋಡ್. ಅದು ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದ ಕೆಳಗೆ ಆರು ಅಂಕಿಗಳಿಗೆ ಚೌಕಗಳು ಅಚ್ಚಾಗಿದ್ದರೆ ಆ ಕಾಗದ 1962ರದ್ದಾಗಲು ಸಾಧ್ಯವೇ ಇಲ್ಲ. ವಿಳಾಸದಲ್ಲಿ ರಾಜ್ಯದ ಹೆಸರು ಏನಿದೆ? 1973ರ ನವೆಂಬರಿಗೆ ಮೊದಲು ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. ಇಷ್ಟನ್ನು ನೋಡಿ ಹೇಳಿರಿ.

ತೊಗರಿನಾಡು

ಅಂಚೆ ಕಾಕಾ, ಈಗಲೇ ತೆಗೆದು ನೋಡಿದೆ. ಮುದ್ರೆ ಅರ್ಧ ಅಳಿಸಿದೆ, ವರ್ಷ ಕಾಣುವುದಿಲ್ಲ. ಊರಿನ ಹೆಸರಿನ ಕೊನೆಯ ಅಕ್ಷರಗಳು 'ಪುರ' ಎಂದು ಇರಬಹುದು. ಬೆಲೆಯ ಮುಂದೆ ನಯಾ ಎಂಬುದು ಇಲ್ಲ. ಕೆಳಗೆ ಆರು ಚೌಕಗಳು ಅಚ್ಚಾಗಿವೆ, ಆದರೆ ಖಾಲಿ ಇವೆ. ವಿಳಾಸದಲ್ಲಿ ಜಿಲ್ಲಾ ಗುಲಬರ್ಗಾ ಎಂದಿದೆ, ರಾಜ್ಯದ ಹೆಸರು ಬರೆದಿಲ್ಲ.

ಕಾಕಾನ ಮುಂದೆ ಇಟ್ಟೆ. ಪತ್ರ ಆಮೇಲೆ ಬಂದಿರಬಹುದು, ಮುತ್ಯಾ ಊರಲ್ಲಿ ಇದ್ದದ್ದು ಮಾತ್ರ ಚೀನಾ ಯುದ್ಧದ ಹೊತ್ತಿಗೆ ಎಂದು ಹೇಳುತ್ತಿದ್ದಾರೆ.

ನಿವೃತ್ತ_ಅಂಚೆಯಣ್ಣ

ಹಾಗಾದರೆ ಪತ್ರ 1972ರ ನಂತರದ್ದು. ಅದು ಯಾರು ಬರೆದದ್ದು ಎಂದು ಈ ಕಾಗದ ಹೇಳುವುದಿಲ್ಲ, ಯಾವಾಗಿನದು ಎಂದು ಹೇಳುತ್ತದೆ. ಇನ್ನೊಂದು ಕೇಳಿರಿ. ಅದನ್ನು ಬರೆದದ್ದು ಆ ಮುತ್ಯಾ ಎಂದು ಯಾರು ಹೇಳಿದರು? ಸಹಿ ಇಲ್ಲ ಎಂದಿರಲ್ಲ.

ತೊಗರಿನಾಡು

ಅಜ್ಜ ಹೇಳಿದ್ದರಂತೆ. ಒಳಗೆ 'ಹನುಮಾನ್‌ಜಿಯ ಸೇವೆ ನಡೆಯುತ್ತಿದೆಯೇ' ಎಂಬ ಒಂದು ಸಾಲಿದೆ.

ಕೋಟೆಯೂರು_ಅಕ್ಕ

ಬೀದರಿನಿಂದ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ಡಿಎನ್‌ಎ ವಿಷಯ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಸರಿಯಾಗಿ ಹೇಳುತ್ತಿಲ್ಲ.

ಗುಮ್ನಾಮಿ ಬಾಬಾ 1985ರ ಸೆಪ್ಟೆಂಬರಿನಲ್ಲಿ ಫೈಜಾಬಾದಿನ ರಾಮ ಭವನದಲ್ಲಿ ತೀರಿಕೊಂಡರು, ಸರಯೂ ದಡದ ಗುಪ್ತಾರ್ ಘಾಟಿನಲ್ಲಿ ದಹನವಾಯಿತು. ಆದ್ದರಿಂದ ದೇಹ ಇಲ್ಲ. ಅವರ ಸಾಮಾನುಗಳ ನಡುವೆ ಕೆಲವು ಹಲ್ಲುಗಳು ಸಿಕ್ಕಿದವು. ಮುಖರ್ಜಿ ಆಯೋಗ ಅವುಗಳನ್ನು ಪರೀಕ್ಷೆಗೆ ಕಳುಹಿಸಿ, ಬೋಸ್ ಮನೆತನದವರ ರಕ್ತದ ಮಾದರಿಗಳ ಜೊತೆಗೆ ಹೋಲಿಸಿತು. ಕೋಲ್ಕತ್ತಾದ ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯ ಹೊಂದುವುದಿಲ್ಲ ಎಂದು ವರದಿ ಕೊಟ್ಟಿತು.

ಯಾರ ರಕ್ತ ಬೇಕು ಎಂಬುದು ಇಲ್ಲಿ ದೊಡ್ಡ ಪ್ರಶ್ನೆ. ಹಳೆಯ ಹಲ್ಲಿನಲ್ಲಿ, ಮೂಳೆಯಲ್ಲಿ ಹೆಚ್ಚಾಗಿ ಉಳಿಯುವುದು ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಂದೆಯಿಂದ ಬರುವುದಿಲ್ಲ. ಆದ್ದರಿಂದ ಬೋಸರ ಮಗಳು ಅನಿತಾ ಅವರ ರಕ್ತ ಈ ಒಂದು ಪರೀಕ್ಷೆಗೆ ಉಪಯೋಗಕ್ಕೆ ಬಾರದು. ಬೋಸರ ಅಕ್ಕತಂಗಿಯರ ಹೆಣ್ಣುಮಕ್ಕಳ ಸಂತತಿ ಬೇಕು. ಗಂಡು ಮಕ್ಕಳಿಗೆ ತಂದೆಯಿಂದ ಬರುವ ವೈ ವರ್ಣತಂತುವನ್ನು ನೋಡಬೇಕಾದರೆ ಅಣ್ಣತಮ್ಮಂದಿರ ಗಂಡು ಸಂತತಿ ಬೇಕು. ಮಗಳೇ ಇರುವಾಗ ಬೇರೆ ಯಾರು ಏಕೆ ಎಂದು ಕೇಳುವವರಿಗೆ ಇದೇ ಉತ್ತರ. ತಂದೆ ತಾಯಿ ಇಬ್ಬರಿಂದಲೂ ಬರುವ ಸಾಮಾನ್ಯ ಡಿಎನ್‌ಎ ಚೆನ್ನಾಗಿ ಸಿಕ್ಕರೆ ಮಾತ್ರ ಮಗಳ ಮಾದರಿ ಎಲ್ಲಕ್ಕಿಂತ ಉತ್ತಮ.

ಕಾಗಿಣಾತೀರ

ಅಕ್ಕಾ, ಆ ಹಲ್ಲುಗಳು ಬಾಬಾ ಅವರವೇ ಎಂದು ಯಾರು ನೋಡಿದರು? ಬೆಂಕಿಪೊಟ್ಟಣದಲ್ಲಿ ಸಿಕ್ಕ ಹಲ್ಲು ಯಾರದ್ದೂ ಆಗಬಹುದು.

ಕೋಟೆಯೂರು_ಅಕ್ಕ

ಸರಿಯಾದ ಪ್ರಶ್ನೆ. ಬಾಬಾ ಅವರ ಬಾಯಿಂದಲೇ ಬಂದದ್ದು ಎನ್ನಲು ವೈದ್ಯರ ಚೀಟಿಯಂತಹ ದಾಖಲೆ ಇದ್ದಿದ್ದರೆ ಈ ಅನುಮಾನ ಇರುತ್ತಿರಲಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ಒಪ್ಪಬೇಕು. ಹಲ್ಲು ಹೊಂದಿದ್ದರೆ ನೀವೇ ಅದನ್ನು ಅಂತಿಮ ಪುರಾವೆ ಎನ್ನುತ್ತಿದ್ದಿರಿ. ಹೊಂದದಿದ್ದಾಗ ಮಾತ್ರ ಹಲ್ಲಿನ ಮೂಲ ಕೇಳುವುದು ನ್ಯಾಯವಲ್ಲ. ಪರೀಕ್ಷೆಗೆ ಕಳುಹಿಸುವ ಮೊದಲೇ ಮಾದರಿಯ ಮೂಲವನ್ನು ಎರಡೂ ಕಡೆಯವರು ಒಪ್ಪಿಕೊಂಡು, ಬರೆದಿಟ್ಟು, ಮೊಹರು ಹಾಕಿಸಬೇಕು.

ಹುಮನಾಬಾದ್_ಹುಡುಗ

ರೆಂಕೋಜಿಯ ಚಿತಾಭಸ್ಮವನ್ನೇ ಪರೀಕ್ಷಿಸಿದರೆ ಎಲ್ಲ ಮುಗಿಯಿತಲ್ಲ?

ಕೋಟೆಯೂರು_ಅಕ್ಕ

ತಮ್ಮಾ, ಅನಿತಾ ಅವರೂ ಅದನ್ನೇ ಕೇಳುತ್ತ ಬಂದಿದ್ದಾರೆ. ಪೂರ್ತಿ ಬೂದಿಯಾದ ಭಾಗದಲ್ಲಿ ಡಿಎನ್‌ಎ ಇರುವುದಿಲ್ಲ, ಬೆಂಕಿ ಅದನ್ನು ಮುರಿದುಹಾಕುತ್ತದೆ. ಸರಿಯಾಗಿ ಸುಡದ ಮೂಳೆಯ ತುಂಡು ಇದ್ದರೆ ಸಿಗಬಹುದು, ಸಿಗದೆಯೂ ಇರಬಹುದು. ಹೊಂದಿದರೆ ಪ್ರಶ್ನೆ ಮುಗಿಯುತ್ತದೆ. ಏನೂ ಸಿಗದಿದ್ದರೆ ಜಗಳ ಇದ್ದಲ್ಲೇ ಇರುತ್ತದೆ.

ಕಾಗಿಣಾತೀರ

ಕೈಬರಹದ ಮಾತು ಉಳಿಯಿತು. ಬಿ. ಲಾಲ್ ಎಂಬ ಹೆಸರಾಂತ ಪರೀಕ್ಷಕರು ಬಾಬಾ ಅವರ ಬರಹ ಮತ್ತು ಬೋಸರ ಬರಹ ಒಂದೇ ಕೈಯದು ಎಂದು ಆಯೋಗದ ಮುಂದೆ ಹೇಳಿದ್ದಾರೆ. ವಿಡಿಯೊದಲ್ಲಿ ಹೇಳಿದ್ದು ಸುಳ್ಳಲ್ಲ.

ಹಳೆಯ_ಕಡತ

ಸುಳ್ಳಲ್ಲ, ಅರ್ಧ. ಅದೇ ಬರಹಗಳನ್ನು ನೋಡಿದ ಸರ್ಕಾರಿ ಪರೀಕ್ಷಕರು ಬೇರೆ ಬೇರೆ ಕೈಯವು ಎಂದರು. ಪರಿಣತರೇ ಎರಡು ಪಕ್ಷವಾದಾಗ ಯಾರ ಹೆಸರು ದೊಡ್ಡದು ಎಂದು ನೋಡುವುದಲ್ಲ, ಯಾವ ಅಕ್ಷರವನ್ನು ಯಾವುದರ ಜೊತೆ ಹೋಲಿಸಿದರು, ಯಾವ ವ್ಯತ್ಯಾಸವನ್ನು ವಯಸ್ಸಿನ ಲೆಕ್ಕಕ್ಕೆ ಬಿಟ್ಟರು ಎಂದು ನೋಡಬೇಕು. ಬೋಸರದೇ ಎಂದು ಎಲ್ಲರೂ ಒಪ್ಪುವ ಬರಹ 1945ಕ್ಕೆ ನಿಲ್ಲುತ್ತದೆ. ಬಾಬಾ ಅವರದ್ದು ಅದಕ್ಕಿಂತ ಎಷ್ಟೋ ವರ್ಷ ನಂತರದ್ದು. ಅಷ್ಟು ವರ್ಷಗಳಲ್ಲಿ ಒಬ್ಬನೇ ಮನುಷ್ಯನ ಅಕ್ಷರವೂ ಬದಲಾಗುತ್ತದೆ. ಹಾಗಾಗಿ ಹೋಲಿಕೆಯೂ ವ್ಯತ್ಯಾಸವೂ ಎರಡೂ ಕಡೆಗೆ ಎಳೆದಾಡಲು ಬರುತ್ತವೆ.

ತೊಗರಿನಾಡು ಅವರಿಗೆ ಇದರಿಂದ ಒಂದು ನೇರ ಮಾತು: ನಿಮ್ಮ ಪತ್ರ ಹಿಂದಿಯಲ್ಲಿದೆ. ಬೋಸರ ಒಪ್ಪಿತ ಬರಹ ಹೆಚ್ಚಾಗಿ ಇಂಗ್ಲಿಷ್ ಮತ್ತು ಬಂಗಾಲಿಯಲ್ಲಿದೆ. ಬೇರೆ ಲಿಪಿಗಳನ್ನು ಪಕ್ಕಪಕ್ಕ ಇಟ್ಟು ಯಾವ ಪ್ರಾಮಾಣಿಕ ಪರೀಕ್ಷಕರೂ ಅಭಿಪ್ರಾಯ ಕೊಡುವುದಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೊ ಕಳುಹಿಸಿ ಯಾರಾದರೂ ಶೇಕಡಾವಾರು ಹೊಂದಾಣಿಕೆ ಹೇಳಿದರೆ ನಂಬಬೇಡಿರಿ. ಲೇಖನಿಯ ಒತ್ತಡ, ಕೈ ಎತ್ತಿದ ಜಾಗ, ಇವು ಮೂಲ ಪತ್ರದಲ್ಲಿ ಮಾತ್ರ ಕಾಣುತ್ತವೆ.

ಅಲಹಾಬಾದ್ ಹೈಕೋರ್ಟಿನ 2013ರ ಆದೇಶದ ನಂತರ ಉತ್ತರ ಪ್ರದೇಶ ಸರ್ಕಾರ 2016ರಲ್ಲಿ ನ್ಯಾಯಮೂರ್ತಿ ವಿಷ್ಣು ಸಹಾಯ್ ಆಯೋಗ ನೇಮಿಸಿತು. ಅವರು ಬಾಬಾ ಯಾರು ಎಂದು ಹೇಳಲು ಆಗಲಿಲ್ಲ, ಆದರೆ ನೇತಾಜಿಯ ಅನುಯಾಯಿ ಎಂಬ ನಿಲುವಿಗೆ ಬಂದರು. ಅವರು ಎತ್ತಿ ತೋರಿಸಿದ ಒಂದು ಕಾಗದ ನನಗೆ ಬಹಳ ಮುಖ್ಯವಾಗಿ ಕಂಡಿತು. 1980ರ ಅಕ್ಟೋಬರಿನಲ್ಲಿ ಕೋಲ್ಕತ್ತಾದಿಂದ ಒಬ್ಬರು ಬಾಬಾ ಅವರಿಗೆ ಬರೆದ ಪತ್ರ ಅದು. ನೇತಾಜಿ ಜಯಂತಿಗೆ ನೀವು ಇಲ್ಲಿ ಇದ್ದರೆ ನಮಗೆ ಬಹಳ ಸಂತೋಷವಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಬಾಬಾ ಅವರೇ ನೇತಾಜಿ ಎಂದು ತಿಳಿದವರು ಹೀಗೆ ಬರೆಯುತ್ತಾರೆಯೇ?

ಕಾಗಿಣಾತೀರ

ಬರೆಯುತ್ತಾರೆ ಸರ್. ಪತ್ರ ಪೊಲೀಸರ ಕೈಗೆ ಸಿಕ್ಕರೆ ಗುಟ್ಟು ಬಯಲಾಗಬಾರದು ಎಂದು ಬೇಕೆಂದೇ ಹಾಗೆ ಬರೆಯಬಹುದು. ನ್ಯಾಯಮೂರ್ತಿ ಮುಖರ್ಜಿಯವರೂ ವರದಿ ಕೊಟ್ಟ ಮೇಲೆ, ಬಾಬಾ ಅವರೇ ನೇತಾಜಿ ಎಂಬುದು ತಮ್ಮ ವೈಯಕ್ತಿಕ ನಂಬಿಕೆ ಎಂದು ಒಂದು ಸಾಕ್ಷ್ಯಚಿತ್ರದವರ ಮುಂದೆ ಹೇಳಿದ್ದಾರೆ.

ಹಳೆಯ_ಕಡತ

ಹೇಳಿದ್ದಾರೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಅವರೇ ಆ ನಂಬಿಕೆಯನ್ನು ವರದಿಯಲ್ಲಿ ಬರೆಯಲಿಲ್ಲ. ಸಾಕ್ಷ್ಯ ಅಲ್ಲಿಯವರೆಗೆ ಕೊಂಡೊಯ್ಯುವುದಿಲ್ಲ ಎಂದು ನ್ಯಾಯಾಧೀಶರಾಗಿ ಅವರಿಗೆ ಗೊತ್ತಿತ್ತು. ಇನ್ನು ಪತ್ರದ ವಿಷಯ. ಅನುಕೂಲವಾದ ಮಾತು ಬಂದರೆ ಪುರಾವೆ, ಪ್ರತಿಕೂಲವಾದರೆ ವೇಷ ಎನ್ನುವುದಾದರೆ ನಿಮ್ಮ ನಂಬಿಕೆ ತಪ್ಪಾಗಲು ಯಾವ ದಾರಿಯೂ ಉಳಿಯುವುದಿಲ್ಲ. ಯಾವ ಕಾಗದ ಸಿಕ್ಕರೆ 'ಬಾಬಾ ನೇತಾಜಿ ಅಲ್ಲ' ಎಂದು ಒಪ್ಪುತ್ತೀರಿ, ಅದನ್ನು ಈಗಲೇ ಹೇಳಿರಿ.

ಕಾಗಿಣಾತೀರ

ಮೂಲ ಸ್ಥಳ ಖಚಿತವಾಗಿರುವ ಮಾದರಿಯ ಡಿಎನ್‌ಎ ಹೊಂದದಿದ್ದರೆ ಒಪ್ಪುತ್ತೇನೆ. ಅದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ.

ಹಳೆಯ_ಕಡತ

ಒಳ್ಳೆಯದು. ಇದು ಮಾತು.

ಭೀಮಾತೀರದವಳು

ತೊಗರಿನಾಡು ಅಣ್ಣಾ, ನಿಮ್ಮ ಊರಿನ ಹಿರಿಯ ಹೆಂಗಸರನ್ನು ಕೇಳಿದ್ದೀರಾ? ಗುಡಿಗೆ ರೊಟ್ಟಿ ಪಲ್ಯ ಕೊಂಡೊಯ್ದವರು ಅವರೇ ಅಲ್ಲವೇ? ಮುತ್ಯಾ ಏನು ತಿನ್ನುತ್ತಿದ್ದರು, ನಿದ್ದೆಗಣ್ಣಿನಲ್ಲಿ ಯಾವ ಭಾಷೆ ಮಾತಾಡುತ್ತಿದ್ದರು, ವಯಸ್ಸು ಎಷ್ಟು ಕಾಣುತ್ತಿತ್ತು, ಇವು ಗಂಡಸರ ಕಟ್ಟೆಗೆ ಬರುವ ಮಾತುಗಳಲ್ಲ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿರಿ. ನೇತಾಜಿ ಹೆಸರನ್ನು ನೀವಾಗಿ ಎತ್ತಬೇಡಿರಿ.

ಹಳೆಯ_ಕಡತ

ತಂಗಿಯ ಮಾತಿಗೆ ಎರಡು ಸೇರಿಸುತ್ತೇನೆ. ಬೋಸ್ ಹುಟ್ಟಿದ್ದು 1897ರ ಜನವರಿ 23. ಚೀನಾ ಯುದ್ಧದ ಹೊತ್ತಿಗೆ ಅವರಿಗೆ 65. ಊರವರು ಮುತ್ಯಾನಿಗೆ ಆಗ ನಲವತ್ತೋ ಐವತ್ತೋ ಎಂದರೆ ಅಲ್ಲಿಗೇ ಮುಗಿಯಿತು. ಎರಡನೆಯದು, ಅವರನ್ನು ನೇತಾಜಿ ಎಂದು ಊರಿನಲ್ಲಿ ಮೊದಲು ಯಾರು, ಯಾವಾಗ ಹೇಳಿದರು? ಮುತ್ಯಾ ಇದ್ದಾಗಲೇ ಈ ಮಾತು ಇತ್ತೇ, ಅಥವಾ 1985ರಲ್ಲಿ ಫೈಜಾಬಾದಿನ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಹುಟ್ಟಿತೇ? ಜನವರಿ 23ರ ಸಿಹಿಯ ನೆನಪೂ ಹಾಗೆಯೇ. ಆ ದಿನಾಂಕ ಕಾಕಾನಿಗೆ ಆಗಲೇ ಗೊತ್ತಿತ್ತೇ, ಅಥವಾ ಆಮೇಲೆ ಜಯಂತಿಯ ದಿನ ಎಂದು ತಿಳಿದು ಸಂಕ್ರಾಂತಿಯ ಸಿಹಿ ಅಲ್ಲಿಗೆ ಸರಿಯಿತೇ?

ತೊಗರಿನಾಡು

ಇಬ್ಬರು ಅಜ್ಜಿಯರನ್ನು ಬೇರೆ ಬೇರೆ ಕೇಳಿದೆ. ಒಬ್ಬರು ಮುತ್ಯಾ ಬಹಳ ಮುದುಕರಾಗಿದ್ದರು, ಕೋಲು ಹಿಡಿದು ನಡೆಯುತ್ತಿದ್ದರು ಎನ್ನುತ್ತಾರೆ. ಇನ್ನೊಬ್ಬರು ಗಡ್ಡ ಕಪ್ಪಗಿತ್ತು, ಬಾವಿಯಿಂದ ತಾವೇ ನೀರು ಸೇದುತ್ತಿದ್ದರು ಎನ್ನುತ್ತಾರೆ. ಇಬ್ಬರು ಬೇರೆ ಬೇರೆ ಸಾಧುಗಳು ಇದ್ದರೇ ಎಂಬ ಅನುಮಾನ ಈಗ ಹುಟ್ಟಿದೆ. ಸಿಹಿ ಹಂಚಿದ್ದನ್ನು ಇಬ್ಬರೂ ನೆನೆಯುತ್ತಾರೆ, ದಿನ ಗೊತ್ತಿಲ್ಲ. ಬಂಗಾಲಿ ಎಂದು ಏಕೆ ಕರೆಯುತ್ತಿದ್ದಿರಿ ಎಂದು ಕೇಳಿದರೆ, ಮೀನು ಬೇಡುತ್ತಿದ್ದರು ಎಂದು ಒಬ್ಬರು ಹೇಳಿದರು. ಹನುಮಂತ ದೇವರ ಗುಡಿಯಲ್ಲಿ ಮೀನೇ ಎಂದು ಕಾಕಾ ಅವರ ಮೇಲೆ ರೇಗಿದರು.

ನಿವೃತ್ತ_ಅಂಚೆಯಣ್ಣ

ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿರಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಕಾಗದದ ಲಕೋಟೆಯಲ್ಲಿ ಮಡಿಕೆ ಬಿಡಿಸಿ ಇಡಿರಿ. 'ಪುರ' ಎಂದು ಮುಗಿಯುವ ಮುದ್ರೆಯ ಚಿತ್ರವನ್ನು ನನಗೆ ಕಳುಹಿಸಿರಿ, ಮುದ್ರೆಯ ಆಕಾರ ನೋಡಿ ಯಾವ ಭಾಗದ್ದು ಎಂದು ಹೇಳಲು ಪ್ರಯತ್ನಿಸುತ್ತೇನೆ.

ಹುಮನಾಬಾದ್_ಹುಡುಗ

ಜಾತ್ರೆಗೆ ಫಲಕ ಬೇಕೇ ಬೇಕಲ್ಲ ಅಣ್ಣಾ, ಅದಕ್ಕೆ ಏನು ಬರೆಯುತ್ತೀರಿ?

ತೊಗರಿನಾಡು

'ಬಂಗಾಲಿ ಮುತ್ಯಾ ಎಂದು ಜನ ಕರೆಯುತ್ತಿದ್ದ ಸಾಧು ಇಲ್ಲಿ ವಾಸಿಸಿದ್ದರು' ಎಂದು ಬರೆದು ಹಿರಿಯರ ಮುಂದೆ ಇಟ್ಟಿದ್ದೇನೆ. ಕಾಕಾ ಇನ್ನೂ ಒಪ್ಪಿಲ್ಲ. ನೇತಾಜಿ ಹೆಸರು ಇಲ್ಲದಿದ್ದರೆ ಚಂದಾ ಕೊಡುವುದಿಲ್ಲ ಎಂದು ಇಬ್ಬರು ಹೇಳಿದ್ದಾರೆ. ಅಂಚೆ ಕಾಕಾ, ಮುದ್ರೆಯ ಚಿತ್ರ ಇವತ್ತು ರಾತ್ರಿ ಕಳುಹಿಸುತ್ತೇನೆ.

ಸಗರನಾಡು

ಸುರಪುರದ ಚರ್ಚೆ ಆರಂಭಿಸಿದ್ದೇನೆ. ಹಳೆಯ_ಕಡತ ಸರ್, ನೀವು ಬರಲೇಬೇಕು.